ಸ್ಟ್ರೋಕ್ ಕಡಿಮೆಯಾದರೂ ವೇಗ ಏಕೆ ಹೆಚ್ಚಲಿಲ್ಲ?

ಪ್ರಶ್ನೆ: ಮೈಸೂರಿನ ಸರಸ್ವತಿಪುರಂ ಕೊಳದಲ್ಲಿ ಫ್ರೀಸ್ಟೈಲ್ ಅಭ್ಯಾಸ ಮಾಡುತ್ತಿದ್ದೇನೆ. 50 ಮೀಟರಿಗೆ 45 ಸ್ಟ್ರೋಕ್ ಬೇಕಾಗುತ್ತಿದ್ದುದನ್ನು 40ಕ್ಕೆ ಇಳಿಸಿದ್ದೇನೆ. ಆದರೂ 100 ಮೀಟರಿಗೆ ಹಿಡಿಯುವ ಸಮಯ ಹೆಚ್ಚಾಗಿದೆ, ಏಕೆ?

ಉತ್ತರ: ಬೇಸಿಗೆ ಶಿಬಿರಗಳು ಆರಂಭವಾದೊಡನೆ ಪ್ರತಿ ವರ್ಷವೂ ಬರುವ ಪ್ರಶ್ನೆ ಇದು. ಸ್ಟ್ರೋಕ್ ಕಡಿಮೆಯಾದಷ್ಟೂ ಈಜು ಉತ್ತಮ ಎಂಬ ನಂಬಿಕೆಯನ್ನು ಎಷ್ಟು ಬಾರಿ ತಿದ್ದಿದರೂ ಅದು ಮತ್ತೆ ಚಿಗುರುತ್ತದೆ. ವೇಗವೆಂದರೆ ಒಂದು ಸ್ಟ್ರೋಕಿಗೆ ಸಾಗುವ ದೂರವನ್ನು ಸೆಕೆಂಡಿಗೆ ಹಾಕುವ ಸ್ಟ್ರೋಕುಗಳಿಂದ ಗುಣಿಸಿದಾಗ ಬರುವ ಗುಣಲಬ್ಧ. ನೀವು ಎಣಿಸಿದ್ದು ಅದರ ಅರ್ಧ ಭಾಗವನ್ನು ಮಾತ್ರ.

ನಿಮ್ಮ ಲೆಕ್ಕವನ್ನೇ ನೋಡೋಣ. ಗೋಡೆಯನ್ನು ಒದ್ದು ಜಾರುವ ಸುಮಾರು 5 ಮೀಟರನ್ನು ಕಳೆದರೆ ಕೈಯಿಂದ ಈಜುವುದು 45 ಮೀಟರ್. ಮೊದಲು 45 ಸ್ಟ್ರೋಕ್ ಇದ್ದಾಗ ಪ್ರತಿ ಸ್ಟ್ರೋಕಿಗೆ 1 ಮೀಟರ್ ಸಾಗುತ್ತಿದ್ದಿರಿ. ಆಗ ನಿಮಿಷಕ್ಕೆ 60 ಸ್ಟ್ರೋಕ್ ಹಾಕುತ್ತಿದ್ದಿರೆಂದು ಇಟ್ಟುಕೊಂಡರೆ ವೇಗ ಸೆಕೆಂಡಿಗೆ 1 ಮೀಟರ್, ಅಂದರೆ 100 ಮೀಟರಿಗೆ 1 ನಿಮಿಷ 40 ಸೆಕೆಂಡ್. ಈಗ ಪ್ರತಿ ಸ್ಟ್ರೋಕಿಗೆ 1.125 ಮೀಟರ್ ಸಾಗುತ್ತಿದ್ದೀರಿ, ನಿಜ. ಆದರೆ ಅದಕ್ಕಾಗಿ ಕೈಯನ್ನು ಮುಂದೆ ಚಾಚಿ ಕಾಯುವುದರಿಂದ ನಿಮಿಷಕ್ಕೆ 48 ಸ್ಟ್ರೋಕ್‌ಗೆ ಇಳಿದಿದ್ದರೆ ವೇಗ 0.9 ಮೀಟರಿಗೆ ಕುಸಿಯುತ್ತದೆ, 100 ಮೀಟರಿಗೆ 1 ನಿಮಿಷ 51 ಸೆಕೆಂಡ್ ಹಿಡಿಯುತ್ತದೆ.

ಕಾರಣ ನೀರಿನ ಪ್ರತಿರೋಧ. ಕೈ ತಳ್ಳದಿರುವ ಪ್ರತಿ ಕ್ಷಣವೂ ದೇಹ ವೇಗವನ್ನು ಕಳೆದುಕೊಳ್ಳುತ್ತದೆ, ಮುಂದಿನ ಸ್ಟ್ರೋಕು ಆ ನಷ್ಟವನ್ನು ತುಂಬುವುದರಲ್ಲೇ ಬಹಳಷ್ಟು ಶಕ್ತಿಯನ್ನು ವ್ಯಯಿಸುತ್ತದೆ. ಅಂಗೈಯೂ ಮುಂಗೈಯೂ ನೀರನ್ನು ಚೆನ್ನಾಗಿ ಹಿಡಿದುದರಿಂದ ದೂರ ಹೆಚ್ಚಿದರೆ ಅದು ಗಳಿಕೆ. ಕಾಯುವುದರಿಂದ ಹೆಚ್ಚಿದರೆ ನಷ್ಟ. ಎರಡರಲ್ಲೂ ಸ್ಟ್ರೋಕಿನ ಎಣಿಕೆ ಒಂದೇ ಬರುವುದರಿಂದ, ಜೊತೆಗೆ ಗಡಿಯಾರವನ್ನು ನೋಡದೆ ವ್ಯತ್ಯಾಸ ತಿಳಿಯದು.

ಹಾಗೆಂದು ಕೈಯನ್ನು ಸುಮ್ಮನೆ ವೇಗವಾಗಿ ತಿರುಗಿಸುವುದೂ ಪರಿಹಾರವಲ್ಲ. ನಿಮಿಷಕ್ಕೆ 66 ಸ್ಟ್ರೋಕ್‌ಗೆ ಏರಿದಾಗ ದೂರ 0.95 ಮೀಟರಿಗೆ ಇಳಿದರೂ 100 ಮೀಟರಿಗೆ ಸುಮಾರು 96 ಸೆಕೆಂಡ್ ಸಾಕು. 75ಕ್ಕೆ ಏರಿ ದೂರ 0.78ಕ್ಕೆ ಕುಸಿದರೆ ಮತ್ತೆ 103 ಸೆಕೆಂಡ್ ಬೇಕು. ನಿಮ್ಮ ದೇಹಕ್ಕೆ ಹೊಂದುವ ಗತಿ ಎಲ್ಲಿದೆಯೆಂದು ತಿಳಿಯಲು ಪ್ರತಿ 50 ಮೀಟರಿಗೂ ಗತಿಯನ್ನು ಸ್ವಲ್ಪ ಸ್ವಲ್ಪ ಏರಿಸುತ್ತ ಸ್ಟ್ರೋಕನ್ನೂ ಸಮಯವನ್ನೂ ಒಟ್ಟಿಗೆ ಬರೆದಿಡಿ. ಕಟ್ಟಿದ ಕೈಯ ಸ್ಟ್ರೋಕನ್ನಷ್ಟೇ ಎಣಿಸುವ ಕೈಗಡಿಯಾರಗಳೂ ಇವೆ. ಅಂಥವು 30 ಎಂದರೆ ಎರಡೂ ಕೈ ಸೇರಿ 60.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಬೇಕು. ಸೆಕೆಂಡಿಗೆ 0.1 ಮೀಟರ್ ವೇಗ ಹೆಚ್ಚಿಸಿಕೊಂಡ ಇಬ್ಬರಿಗೆ ಉಳಿಯುವ ಸಮಯ ಒಂದೇ ಆಗಿರುವುದಿಲ್ಲ. 0.8ರಿಂದ 0.9ಕ್ಕೆ ಏರಿದ ಹೊಸಬರಿಗೆ 100 ಮೀಟರಿನಲ್ಲಿ ಸುಮಾರು 14 ಸೆಕೆಂಡ್ ಉಳಿದರೆ, 1.2ರಿಂದ 1.3ಕ್ಕೆ ಏರಿದವರಿಗೆ ಉಳಿಯುವುದು ಆರು ಸೆಕೆಂಡಿಗಿಂತ ತುಸು ಹೆಚ್ಚು, ಏಕೆಂದರೆ ಸಮಯ ಸಿಗುವುದು 100ನ್ನು ವೇಗದಿಂದ ಭಾಗಿಸಿದಾಗ. ಪಕ್ಕದ ಲೇನಿನವರ ಸೆಕೆಂಡುಗಳೊಡನೆ ನಿಮ್ಮ ಪ್ರಗತಿಯನ್ನು ಹೋಲಿಸುವಾಗ ಇಬ್ಬರ ಅಂಕಿಗಳನ್ನೂ ಮೊದಲು ವೇಗಕ್ಕೆ ಬದಲಾಯಿಸಿಕೊಳ್ಳಿ.