ಮಗನಿಗೆ 18 ತುಂಬಿತು, ಗಾರ್ಡಿಯನ್‌ಶಿಪ್ ಮಾಡಿಸಲೇಬೇಕಾ?

ಪ್ರಶ್ನೆ: ನಾವು ಮಂಡ್ಯದವರು. ಮಗನಿಗೆ ಬೌದ್ಧಿಕ ಅಂಗವೈಕಲ್ಯ ಇದೆ, ಈಗ 18 ತುಂಬಿತು. ಯಜಮಾನರು ತೀರಿಕೊಂಡಿದ್ದಾರೆ. ಬ್ಯಾಂಕಿನಲ್ಲಿ ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ ಅಂತಾರೆ. ಮಾಡಿಸಲೇಬೇಕಾ?

ಉತ್ತರ: ಮಾಡಿಸಲೇಬೇಕು ಅಂತಿಲ್ಲ ಅಮ್ಮಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ತನ್ನ ಹಣ, ಆಸ್ತಿಯ ವ್ಯವಹಾರ ನೋಡಿಕೊಳ್ಳುವ ಹಕ್ಕು ನಿಮ್ಮ ಮಗನಿಗೂ ಎಲ್ಲರಷ್ಟೇ ಇದೆ. ಆದರೆ ತಾಯಿ ಅನ್ನೋ ಒಂದೇ ಕಾರಣಕ್ಕೆ ಅವನ ಪರವಾಗಿ ಸಹಿ ಹಾಕುವ ನಿಮ್ಮ ಅಧಿಕಾರ 18 ತುಂಬಿದ ದಿನವೇ ಮುಗಿಯಿತು. ಬ್ಯಾಂಕಿನವರು ಪೇಪರ್ ಕೇಳೋದು ಅದಕ್ಕೇ.

ಮೊದಲು ಮನೆಯಲ್ಲೇ ನೋಡಿ. 500 ರೂಪಾಯಿ ತೆಗೆಯಬೇಕು ಅಂದುಕೊಳ್ಳಿ. ಚಾಪೆ ಮೇಲೆ ನೂರರ ಐದು ನೋಟು ಇಟ್ಟು, ಯಾವುದಕ್ಕೆ ಎಷ್ಟು ಅಂತ ವಸ್ತು ತೋರಿಸಿಯೇ ಹೇಳಿ. ಆಮೇಲೆ "ಚಪ್ಪಲಿ ಬೇಕಾ, ಬೇಡ್ವಾ?" ಅಂತ ಕೇಳಿ. ಮಾರನೇ ದಿನ ತಿರುಗಿಸಿ, "ಬೇಡ್ವಾ, ಬೇಕಾ?" ಅಂತ ಕೇಳಿ. ಎರಡು ಸಲವೂ ಕೊನೆಯ ಮಾತನ್ನೇ ಹೇಳಿದರೆ ಅದು ಅವನ ತೀರ್ಮಾನ ಅಲ್ಲದೇ ಇರಬಹುದು, ನಿಮ್ಮ ಮಾತಿನ ಪ್ರತಿಧ್ವನಿ ಇರಬಹುದು. ಎರಡು ದಿನವೂ ಒಂದೇ ಉತ್ತರ ಬಂದರೆ ಅವನಿಗೆ ಬೇಕಾಗಿರೋದು ಗಾರ್ಡಿಯನ್ ಅಲ್ಲ, ಪಕ್ಕದಲ್ಲಿ ನಿಂತು ತಿಳಿಸಿ ಹೇಳುವವರು. ಸಹಿಯೋ ಹೆಬ್ಬೆಟ್ಟೋ ಅವನದ್ದೇ ಇರಲಿ. ಇದನ್ನೇ ಬೆಂಬಲದೊಂದಿಗೆ ತೀರ್ಮಾನ ಅನ್ನೋದು. ಈ ಬೆಂಬಲ ಬೇಡ, ಬೇರೆಯವರು ಬೇಕು ಅನ್ನುವ ಹಕ್ಕೂ ಅವನಿಗಿದೆ.

ಎಷ್ಟು ವಿವರಿಸಿದರೂ ಹಣದ ವಿಷಯ ತಿಳಿಯೋದಿಲ್ಲ ಅಂದರೆ ಮಾತ್ರ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಲೋಕಲ್ ಲೆವೆಲ್ ಕಮಿಟಿಗೆ ಅರ್ಜಿ ಹಾಕಿ. ಅದರಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ. ಗಾರ್ಡಿಯನ್ ನಿಜವಾಗಿ ಬೇಕಾ, ಯಾವ ಕೆಲಸಕ್ಕೆ ಬೇಕು ಅಂತ ಕಮಿಟಿ ನೋಡಲೇಬೇಕು. ಹಾಗಾಗಿ ಅರ್ಜಿಯಲ್ಲಿ "ಎಲ್ಲಾ ವಿಷಯಕ್ಕೂ" ಅಂತ ಬರೆಯಬೇಡಿ. ಪಿಂಚಣಿ ಖಾತೆಗೆ ಬೇಕಿದ್ದರೆ ಅಷ್ಟನ್ನೇ ಬರೆಯಿರಿ. ನೇಮಕ ಆದ 6 ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕವನ್ನೂ ಒಪ್ಪಿಸಬೇಕು. ಚೀಟಿಗಳನ್ನು ಮೊದಲ ದಿನದಿಂದಲೇ ಜೋಪಾನವಾಗಿ ಇಡಿ.

ನನಗೆ ಜಾಸ್ತಿ ಚಿಂತೆ ಇರೋದು ಜಮೀನಿನದ್ದು. ಯಜಮಾನರ ಹೆಸರಲ್ಲಿ ಗದ್ದೆ ಇದ್ದರೆ ಇವತ್ತಲ್ಲ ನಾಳೆ ಪಾಲು ವಿಭಾಗ ಬರುತ್ತೆ, ಅಲ್ವಾ? ಅಲ್ಲಿ ನಿಮಗೂ ಪಾಲಿದೆ, ಅವನಿಗೂ ಇದೆ. ರಕ್ತಸಂಬಂಧ ಅಂತ ಮಾತ್ರಕ್ಕೆ ಕಾನೂನು ನಿಮ್ಮನ್ನು ಅನುಮಾನಿಸೋದಿಲ್ಲ. ಆದರೆ ಒಂದು ವ್ಯವಹಾರದಲ್ಲಿ ನಿಮ್ಮ ಲಾಭವೂ ಅವನ ಲಾಭವೂ ಎದುರುಬದುರಾದರೆ, ಆ ಒಂದು ವಿಷಯಕ್ಕೆ ನೀವು ಅವನಿಗೆ ಬೆಂಬಲ ಕೊಡದೆ ಹಿಂದೆ ಸರಿಯಬೇಕು ಅಂತ 2016ರ ಕಾಯ್ದೆ ಹೇಳುತ್ತದೆ. ಆಗ ಗದ್ದೆಯಲ್ಲಿ ಪಾಲಿಲ್ಲದ, ಅವನು ನಂಬುವ ಒಬ್ಬರು ಬೇಕು. ಅವನನ್ನು ಬದುವಿನ ಮೇಲೆ ನಡೆಸಿಕೊಂಡು ಹೋಗಿ, ಇಲ್ಲಿಂದ ಇಲ್ಲಿವರೆಗೆ ನಿನ್ನದು ಅಂತ ಅವರು ತೋರಿಸಲಿ. ವಿಭಾಗ ಪತ್ರವನ್ನು ನಿಧಾನವಾಗಿ ಓದಿ ಹೇಳಲಿ. ಯಾರನ್ನು ಕರೆಯೋದು ಅಂತ ಮಗನನ್ನೇ ಕೇಳಿ, ಪತ್ರ ಬರೆಸೋಕೆ ಮುಂಚೆಯೇ.