ಒಂದೇ ಹೊಳ್ಳೆಯ ನಾತ

ನೆಗಡಿಯಾದ ಮಗುವಿಗೆ ಗೊಣ್ಣೆ ಸುರಿಯುವುದು ಎರಡೂ ಹೊಳ್ಳೆಯಿಂದ. ಎಡಗಡೆ ಸ್ವಲ್ಪ ಹೆಚ್ಚು, ಬಲಗಡೆ ಸ್ವಲ್ಪ ಕಡಿಮೆ ಇರಬಹುದು, ಆದರೆ ಎರಡೂ ಕಡೆ ಇರುತ್ತದೆ. ಒಂದು ಹೊಳ್ಳೆ ಒಣಗಿ ಚೊಕ್ಕವಾಗಿದ್ದು, ಇನ್ನೊಂದರಿಂದ ಮಾತ್ರ ಹಳದಿ ಹಸಿರು ಕೀವು ಇಳಿಯುತ್ತಿದ್ದರೆ, ಅದರ ಜೊತೆಗೆ ಮಗುವನ್ನು ಎತ್ತಿಕೊಂಡವರು ಮುಖ ತಿರುಗಿಸುವಷ್ಟು ನಾತ ಇದ್ದರೆ, ಅದನ್ನು ನೆಗಡಿಯ ಲೆಕ್ಕಕ್ಕೆ ಸೇರಿಸಬಾರದು. ಒಳಗೆ ಏನೋ ಸಿಕ್ಕಿಕೊಂಡಿದೆ. ಕಿವಿ ಮೂಗು ಗಂಟಲು ವಿಭಾಗದಲ್ಲಿ ಕಲಿಯುವವರಿಗೆ ಮೊದಲೇ ಹೇಳಿಕೊಡುವ ಮಾತಿದು: ದೀಪ ಹಾಕಿ ನೋಡಿ ಇಲ್ಲವೆಂದು ಖಚಿತವಾಗುವ ತನಕ ಇದೆ ಎಂದೇ ತಿಳಿಯಬೇಕು.

ಹೀಗೆ ಮೂಗಿಗೆ ಏನಾದರೂ ತುರುಕಿಕೊಳ್ಳುವುದು ಹೆಚ್ಚಾಗಿ ಎರಡರಿಂದ ಐದು ವರ್ಷದ ಮಕ್ಕಳ ಕೆಲಸ. ಬೆರಳಲ್ಲಿ ಸಣ್ಣ ವಸ್ತು ಹಿಡಿಯುವ ಚಾಕಚಕ್ಯತೆ ಬಂದಿರುತ್ತದೆ, ಹಾಕಿದ್ದನ್ನು ಹೇಳುವ ಬುದ್ಧಿ ಅಥವಾ ಧೈರ್ಯ ಬಂದಿರುವುದಿಲ್ಲ. ಹರಿದ ಸರದ ಮಣಿ, ಹುಣಸೆ ಬೀಜ, ಕಡಲೆಕಾಳು, ಬಟಾಣಿ, ಶೇಂಗಾ, ಸೀತಾಫಲದ ಬೀಜ, ಹಾಸಿಗೆಯಿಂದ ಕಿತ್ತ ಸ್ಪಂಜಿನ ಚೂರು, ರಬ್ಬರಿನ ತುಂಡು, ಹೀಗೆ ಮನೆಯಲ್ಲಿ ನೆಲಕ್ಕೆ ಬಿದ್ದದ್ದೆಲ್ಲ ಮೂಗಿಗೆ ಹೋಗುತ್ತದೆ. ಬಲಗೈ ಬಳಸುವ ಮಕ್ಕಳೇ ಹೆಚ್ಚಾದ್ದರಿಂದ ಬಲ ಹೊಳ್ಳೆಯಲ್ಲಿ ಸಿಗುವುದೂ ಹೆಚ್ಚು.

ಮಣಿಗೂ ಕಾಳಿಗೂ ದೊಡ್ಡ ವ್ಯತ್ಯಾಸವಿದೆ. ಗಾಜು ಅಥವಾ ಪ್ಲಾಸ್ಟಿಕ್ ಮಣಿ ಒದ್ದೆಯಾದರೂ ಊದುವುದಿಲ್ಲ, ಕೊಳೆಯುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನೆ ಕೂತಿದ್ದು, ಬೇರಾವುದೋ ಕಾರಣಕ್ಕೆ ಮೂಗು ನೋಡಿದಾಗ ಸಿಕ್ಕುವುದುಂಟು. ಬಹಳ ವರ್ಷ ಉಳಿದರೆ ಅದರ ಸುತ್ತ ಸುಣ್ಣದಂಥ ಪದರು ಕಟ್ಟಿ ಕಲ್ಲಾಗುತ್ತದೆ. ಕಾಳಿನ ಕಥೆ ಬೇರೆ. ರಾತ್ರಿ ನೆನೆಹಾಕಿದ ಕಡಲೆ ಬೆಳಿಗ್ಗೆ ಎಷ್ಟಾಗಿರುತ್ತದೆಂದು ಉಸುಲಿ ಮಾಡುವ ಮನೆಯವರಿಗೆ ಹೇಳಬೇಕಾಗಿಲ್ಲ. ಮೂಗಿನೊಳಗೆ ಇರುವುದೂ ಅದೇ ತೇವ, ಅದಕ್ಕಿಂತ ಬೆಚ್ಚಗೆ. ಕಾಳು ಊದಿ ಸುತ್ತಲಿನ ಪೊರೆಯನ್ನು ಒತ್ತುತ್ತದೆ, ಪೊರೆ ಕೆಂಪಾಗಿ ಬಾತು ಕಾಳನ್ನು ಇನ್ನಷ್ಟು ಬಿಗಿಹಿಡಿಯುತ್ತದೆ, ಅದರ ಹಿಂದೆ ಸಿಂಬಳ ನಿಂತು ಕೊಳೆಯುತ್ತದೆ. ಗಾಳಿಯಾಡದ ಆ ಮೂಲೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳೇ ಆ ನಾತಕ್ಕೆ ಮೂಲ. ಸ್ಪಂಜು ಮತ್ತು ಕಾಗದ ಕೀವನ್ನು ಹೀರಿಕೊಂಡು ಎಲ್ಲಕ್ಕಿಂತ ಕೆಟ್ಟದಾಗಿ ನಾರುತ್ತವೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮೂರೂವರೆ ವರ್ಷದ ಹುಡುಗಿ, ಅಡುಗೆಮನೆಯಲ್ಲಿ ಅಜ್ಜಿ ಕಾಳು ಆರಿಸುತ್ತಿದ್ದಾಗ ಪಕ್ಕದಲ್ಲಿ ಆಡುತ್ತಿದ್ದವಳು, ಒಂದು ಕಡಲೆಯನ್ನು ಬಲ ಹೊಳ್ಳೆಗೆ ತುರುಕಿಕೊಳ್ಳುತ್ತಾಳೆ. ನಾಲ್ಕೈದು ಸಲ ಸೀನಿ, ಒಂದು ನಿಮಿಷ ಅತ್ತು ಸುಮ್ಮನಾಗುತ್ತಾಳೆ. ಮರುದಿನ ಬಲಗಡೆ ನೀರು, ಮೂರನೆಯ ದಿನ ಕೀವು. ನೆಗಡಿ ಸಿರಪ್ಪಿನಿಂದ ಏನೂ ಆಗುವುದಿಲ್ಲ. ಆರನೆಯ ದಿನ ಆ್ಯಂಟಿಬಯೋಟಿಕ್ ಶುರುವಾದಾಗ ಕೀವು ಇಳಿಮುಖವಾಗಿ, ನಾತವೂ ತಗ್ಗಿ, ಎಲ್ಲರಿಗೂ ಸಮಾಧಾನ. ಕೋರ್ಸ್ ಮುಗಿದು ಮೂರು ದಿನಕ್ಕೆ ಎಲ್ಲ ಮೊದಲಿನಂತೆ, ಈಗ ಸಿಂಬಳದಲ್ಲಿ ರಕ್ತದ ಎಳೆ ಬೇರೆ. ಔಷಧಿ ಬ್ಯಾಕ್ಟೀರಿಯಾವನ್ನು ತಗ್ಗಿಸಿತು, ಕಾಳನ್ನು ಮುಟ್ಟಲಿಲ್ಲ. ಹೀಗೆ ಇಳಿದು ಮತ್ತೆ ಏರುವ ಒಂದೇ ಕಡೆಯ ಕೀವು ನೆಗಡಿಯದಲ್ಲ. ಮನೆಯವರಿಗೂ ಅಷ್ಟೇ, ಮೊದಲ ಸಲ ನೋಡುವ ಡಾಕ್ಟರಿಗೂ ಅಷ್ಟೇ, ಕೇಳಬೇಕಾದ ಪ್ರಶ್ನೆ ಒಂದೇ: ಎರಡೂ ಕಡೆಯೋ, ಒಂದೇ ಕಡೆಯೋ?

ಇನ್ನು ಮನೆಯಲ್ಲಿ ಮಾಡಬಾರದ್ದು. ಕಣ್ಣಿಗೆ ಕಾಣುತ್ತಿದೆಯಲ್ಲ ಎಂದು ಚಿಮಟ ಹಾಕುವುದೇ ಮೊದಲ ತಪ್ಪು. ಗುಂಡಗಿನ ಮಣಿಯನ್ನು ಚಿಮಟದ ಎರಡು ಕಾಲುಗಳು ಅದರ ನಡು ದಾಟಿ ಹಿಡಿಯಲಾರವು, ಮುಂಭಾಗವನ್ನಷ್ಟೇ ಒತ್ತುತ್ತವೆ. ಒತ್ತಿದಾಗ ಮಣಿ ಒದ್ದೆ ಸೋಪಿನಂತೆ ಜಾರಿ ಹಿಂದಕ್ಕೆ ಹೋಗುತ್ತದೆ. ಇಯರ್ ಬಡ್, ಹೇರ್‌ಪಿನ್, ಬೆಂಕಿಕಡ್ಡಿ, ಕಿರುಬೆರಳು, ಎಲ್ಲದರ ಫಲವೂ ಅದೇ. ಮೂಗಿನ ದಾರಿ ಮೇಲಕ್ಕೆ ಹೋಗುತ್ತದೆಂದು ಬಹಳ ಮಂದಿ ತಿಳಿದಿರುತ್ತಾರೆ, ಅದು ಅಂಗುಳಿಗೆ ಸಮಾನಾಂತರವಾಗಿ ನೇರ ಹಿಂದಕ್ಕೆ ಹೋಗುತ್ತದೆ. ಹಿಂದೆ ಹೋದಂತೆಲ್ಲ ಅದು ಗಂಟಲಿಗೆ ತೆರೆದುಕೊಳ್ಳುತ್ತದೆ, ಗಂಟಲಿನಿಂದ ಮುಂದೆ ಶ್ವಾಸನಾಳ. ಹೊಳ್ಳೆಯಲ್ಲಿದ್ದ ಮಣಿಯಿಂದ ಪ್ರಾಣಕ್ಕೆ ಅಪಾಯ ಕಡಿಮೆ, ಶ್ವಾಸನಾಳಕ್ಕೆ ಜಾರಿದ ಮಣಿಯಿಂದ ಅಪಾಯ ಹೆಚ್ಚು. ಅಲ್ಲದೆ ಒಮ್ಮೆ ರಕ್ತ ಬಂದು ಪೊರೆ ಬಾತರೆ, ಆಮೇಲೆ ನೋಡುವವರಿಗೆ ಏನೂ ಕಾಣುವುದಿಲ್ಲ. ಒಮ್ಮೆ ನೋವು ಕಂಡ ಮಗು ಎರಡನೆಯವರಿಗೆ ಮೂಗು ಮುಟ್ಟಲೂ ಬಿಡುವುದಿಲ್ಲ. ಸಲೀಸಾಗಿ ಬರುವ ಸಾಧ್ಯತೆ ಮೊದಲ ಪ್ರಯತ್ನಕ್ಕೇ ಹೆಚ್ಚು, ಅದನ್ನು ಮನೆಯಲ್ಲಿ ವ್ಯರ್ಥ ಮಾಡಬಾರದು.

ನೀರು ಬಿಟ್ಟು ತೊಳೆಯುವುದು, ಎಣ್ಣೆ ಹನಿಸುವುದು ಬೇಡ. ನೀರು ಕಾಳನ್ನು ಇನ್ನಷ್ಟು ಊದಿಸುತ್ತದೆ, ಎಣ್ಣೆ ಜಾರಿಸುತ್ತದೆ, ಎರಡೂ ಉಸಿರಿನ ಜೊತೆ ಒಳಗೆ ಹೋಗಬಹುದು. ಮೆಣಸಿನ ಪುಡಿ ಅಥವಾ ನಶ್ಯ ಹಿಡಿದು ಸೀನಿಸುವ ಹಳೆಯ ಉಪಾಯವೂ ಬೇಡ: ಸೀನುವ ಮೊದಲು ಮಗು ಜೋರಾಗಿ ಉಸಿರು ಒಳಗೆಳೆದುಕೊಳ್ಳುತ್ತದೆ, ಅಪಾಯ ಇರುವುದು ಆ ಎಳೆತದಲ್ಲಿ. ತಲೆಕೆಳಗೆ ಮಾಡಿ ಬೆನ್ನು ಗುದ್ದಿದರೆ ಸಿಕ್ಕಿಕೊಂಡ ಕಾಳು ಉದುರುವುದಿಲ್ಲ.

ಮಾಡಬಹುದಾದದ್ದು ಸ್ವಲ್ಪವೇ ಇದೆ. ಮೂಗು ಸೀದಲು ಬರುವ ಮಗುವಾದರೆ, ಬಾಯಿಂದ ಉಸಿರೆಳೆದುಕೊಳ್ಳಲು ಹೇಳಿ, ಚೊಕ್ಕ ಇರುವ ಹೊಳ್ಳೆಯನ್ನು ಬೆರಳಿಂದ ಮುಚ್ಚಿ, ಇನ್ನೊಂದರಿಂದ ಜೋರಾಗಿ ಸೀದಿಸಬಹುದು. ಮೂರು ವರ್ಷದೊಳಗಿನವರು ಸೀದು ಎಂದರೆ ಒಳಕ್ಕೇ ಎಳೆಯುತ್ತಾರೆ, ಅವರಿಗೆ ಇದನ್ನು ಹೇಳಲೇಬಾರದು. ಅಂಥವರಿಗೆ ಇರುವ ಉಪಾಯವನ್ನು ಡಾಕ್ಟರುಗಳು ತಾಯಿಮುತ್ತು ಎನ್ನುತ್ತಾರೆ. 1965ರಲ್ಲಿ ಮೊದಲು ದಾಖಲಾದ ವಿಧಾನವಿದು, ಸುಮಾರು ಹತ್ತರಲ್ಲಿ ಆರು ಸಲ ಫಲ ಕೊಡುತ್ತದೆ. ಡಾಕ್ಟರ ಎದುರಿನಲ್ಲೇ, ತಾಯಿ ಅಥವಾ ತಂದೆಯೇ ಮಾಡಬೇಕು. ಮಗುವಿಗೆ "ಒಂದು ದೊಡ್ಡ ಮುತ್ತು ಕೊಡ್ತೀನಿ ಬಾ ಪುಟ್ಟಾ" ಎಂದು ಹೇಳಿ ಬಾಯಿ ತೆರೆಸಿ, ಚೊಕ್ಕ ಹೊಳ್ಳೆಯನ್ನು ಒತ್ತಿ ಮುಚ್ಚಿ, ತಮ್ಮ ಬಾಯಿಯಿಂದ ಮಗುವಿನ ಬಾಯನ್ನು ಗಾಳಿ ಸೋರದಂತೆ ಮುಚ್ಚಬೇಕು. ಮೊದಲು ಮೆಲ್ಲಗೆ ಊದುತ್ತಾ ಹೋದರೆ ಒಂದು ಹಂತದಲ್ಲಿ ಮಗುವಿನ ಗಂಟಲು ತಾನೇ ಮುಚ್ಚಿಕೊಂಡು ತಡೆ ಸಿಕ್ಕಂತಾಗುತ್ತದೆ. ಆಗ ಕೆನ್ನೆ ತುಂಬುವಷ್ಟು ಗಾಳಿಯನ್ನು ಚುಟುಕಾಗಿ, ಒಂದೇ ಸಲ ಊದಬೇಕು. ಗಾಳಿ ಶ್ವಾಸಕೋಶಕ್ಕೆ ಹೋಗದೆ ಮೂಗಿನ ಹಿಂಭಾಗದಿಂದ ತಿರುಗಿ ಬಂದು ವಸ್ತುವನ್ನು ಮುಂದಕ್ಕೆ ತಳ್ಳುತ್ತದೆ. ಪೂರ್ತಿ ಹೊರಬರದಿದ್ದರೂ ಕೈಗೆ ಸಿಗುವಷ್ಟು ಮುಂದಕ್ಕೆ ಬಂದರೆ ಕೆಲಸ ಅರ್ಧ ಆದಂತೆ. ಎದೆಯ ಗಾಳಿಯನ್ನೆಲ್ಲ ಸೇರಿಸಿ ಊದುವುದು ತಪ್ಪು. ಎರಡು ಮೂರು ಸಲಕ್ಕೆ ಬರದಿದ್ದರೆ ಅಲ್ಲಿಗೇ ಬಿಡಬೇಕು.

ಕ್ಲಿನಿಕ್ಕಿನಲ್ಲಿ ಅರ್ಧ ಕೆಲಸ ಮಗುವನ್ನು ಹಿಡಿಯುವುದರಲ್ಲಿದೆ. ತೆಳು ಬೆಡ್‌ಶೀಟಿನಲ್ಲಿ ಕೈಗಳನ್ನು ಸೇರಿಸಿ ಸುತ್ತಿ, ತಾಯಿಯ ತೊಡೆಯ ಮೇಲೆ ಕೂರಿಸಿ, ತಾಯಿ ತನ್ನ ಕಾಲುಗಳ ನಡುವೆ ಮಗುವಿನ ಕಾಲು ಇಟ್ಟು ಎದೆಗೆ ಅಪ್ಪಿಹಿಡಿಯಬೇಕು. ನರ್ಸ್ ಒಬ್ಬರು ತಲೆಯನ್ನು ಎರಡೂ ಕಡೆಯಿಂದ ಅಲುಗದಂತೆ ಹಿಡಿಯುತ್ತಾರೆ. ಡಾಕ್ಟರು ಹಣೆಗೆ ದೀಪ ಕಟ್ಟಿಕೊಂಡು, ಕೀವನ್ನು ಸಕ್ಷನ್ನಿನಿಂದ ತೆಗೆದು, ಬಾವು ಇಳಿಸುವ ಹನಿಯನ್ನು ಹಾಕಿ ಕೆಲ ನಿಮಿಷ ಕಾಯುತ್ತಾರೆ. ಮಣಿಗೂ ಕಾಳಿಗೂ ಅವರು ಚಿಮಟ ಹಾಕುವುದಿಲ್ಲ. ತುದಿ ಬಾಗಿದ ತೆಳು ಕೊಕ್ಕೆಯನ್ನು ವಸ್ತುವಿನ ಮೇಲಿಂದ ದಾಟಿಸಿ, ಹಿಂದೆ ಕೆಳಕ್ಕೆ ತಿರುಗಿಸಿ, ಮೂಗಿನ ನೆಲದ ಮೇಲೆ ಮುಂದಕ್ಕೆ ಎಳೆಯುತ್ತಾರೆ. ಒತ್ತಡ ಯಾವಾಗಲೂ ಹಿಂದಿನಿಂದ ಮುಂದಕ್ಕೆ, ಮನೆಯಲ್ಲಿ ಮಾಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಚಿಮಟ ಕೆಲಸಕ್ಕೆ ಬರುವುದು ಸ್ಪಂಜು, ಕಾಗದ, ಬಟ್ಟೆಯ ಚೂರಿನಂಥ ಹಿಡಿತ ಸಿಗುವ ವಸ್ತುಗಳಿಗೆ. ಊದಿ ಮೆತ್ತಗಾದ ಕಡಲೆಯನ್ನು ಹಿಡಿದರೆ ಎರಡು ಬೇಳೆಯಾಗಿ ಒಡೆಯುತ್ತದೆ, ಒಂದು ಬೇಳೆ ಒಳಗೇ ಉಳಿಯುತ್ತದೆ. ಮಗು ತೀರಾ ಒದ್ದಾಡುತ್ತಿದ್ದರೆ, ವಸ್ತು ಬಹಳ ಹಿಂದಿದ್ದರೆ, ಒಂದೆರಡು ಪ್ರಯತ್ನಕ್ಕೆ ಬರದಿದ್ದರೆ ಅರಿವಳಿಕೆ ಕೊಟ್ಟು ತೆಗೆಯುವುದೇ ಸರಿ. ಹಾಗಾಗಬಹುದೆಂದು ಆಸ್ಪತ್ರೆಗೆ ಹೊರಟ ಮೇಲೆ ಮಗುವಿಗೆ ತಿನ್ನಲು, ಹಾಲು ಕುಡಿಯಲು ಕೊಡದಿರುವುದು ಒಳ್ಳೆಯದು. ಅನ್ನ, ಬಿಸ್ಕತ್ತು ತಿಂದಿದ್ದರೆ ಅರಿವಳಿಕೆಗೆ ಸುಮಾರು ಆರು ಗಂಟೆ ಕಾಯಬೇಕಾಗುತ್ತದೆ. ಕೊನೆಗೆ ಏನು ತಿಂದಿತು, ಎಷ್ಟು ಗಂಟೆಗೆ ಎಂಬುದನ್ನು ನೆನಪಿಟ್ಟುಕೊಂಡು ಹೇಳಿ.

ಎಕ್ಸ್‌ರೇ ತೆಗೆಸಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳುವವರು ಬಹಳ. ಪ್ಲಾಸ್ಟಿಕ್ ಮಣಿ, ಕಾಳು, ಸ್ಪಂಜು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಆದ್ದರಿಂದ ಅದರಲ್ಲಿ ಏನೂ ಇಲ್ಲ ಎಂದ ಮಾತ್ರಕ್ಕೆ ಮೂಗು ಖಾಲಿ ಎಂದಲ್ಲ. ಎಕ್ಸ್‌ರೇ ನಿಜಕ್ಕೂ ಬೇಕಾಗುವುದು ಒಂದು ಅನುಮಾನಕ್ಕೆ: ಬಟನ್ ಬ್ಯಾಟರಿ. ಅದರ ಅಂಚು ಎರಡು ಗೆರೆಯ ಉಂಗುರದಂತೆ ಕಾಣುತ್ತದೆ.

ಮಣಿ ಒಂದು ರಾತ್ರಿ ಕಾಯುತ್ತದೆ, ಮಗು ಆರಾಮಾಗಿದ್ದರೆ ಬೆಳಿಗ್ಗೆ ಹೋಗಬಹುದು. ಬಟನ್ ಬ್ಯಾಟರಿ ಕಾಯುವುದಿಲ್ಲ. ಮೂಗಿನ ತೇವದಲ್ಲಿ ಅದರಿಂದ ಕರೆಂಟು ಹರಿದು, ಒಂದು ಮುಖದ ಬಳಿ ಕ್ಷಾರ ಉತ್ಪತ್ತಿಯಾಗಿ ಪೊರೆಯನ್ನು ಸುಡುತ್ತದೆ. ಕೆಲವೇ ಗಂಟೆಗಳಲ್ಲಿ ಸುಟ್ಟ ಗಾಯವಾಗಿ, ಮುಂದೆ ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತು ಬೀಳಬಹುದು. ಉಪ್ಪುನೀರಿನ ಹನಿಯಾಗಲಿ, ಬೇರೆ ಯಾವ ಹನಿಯಾಗಲಿ ಹಾಕಬಾರದು, ಒದ್ದೆಯಾದಷ್ಟೂ ಕರೆಂಟು ಹರಿಯುತ್ತದೆ. ಆಟಿಕೆ, ರಿಮೋಟು, ಹಾಡುವ ಗ್ರೀಟಿಂಗ್ ಕಾರ್ಡುಗಳಲ್ಲಿ ಬ್ಯಾಟರಿ ಕಾಣೆಯಾಗಿ ಮೂಗಿಗೆ ಹೋಗಿರಬಹುದೆಂಬ ಅನುಮಾನವಿದ್ದರೆ, ಇಲ್ಲವೇ ಮಗುವಿನ ಮೂಗಿನಲ್ಲಿ ಕಪ್ಪು ಕೀವು ಕಂಡರೆ ಎಷ್ಟೇ ಹೊತ್ತಾಗಿರಲಿ ಆಗಲೇ ತುರ್ತು ಚಿಕಿತ್ಸೆಗೆ ಹೊರಡಬೇಕು. ಎರಡು ಹೊಳ್ಳೆಯಲ್ಲಿ ಒಂದೊಂದು ಅಯಸ್ಕಾಂತ ಇಟ್ಟುಕೊಂಡಿದ್ದರೂ ಹಾಗೆಯೇ, ಅವು ನಡುವಿನ ಗೋಡೆಯನ್ನು ಹಿಸುಕಿ ಸಾಯಿಸುತ್ತವೆ. ವಸ್ತು ಯಾವುದೇ ಇರಲಿ, ಮಗು ಇದ್ದಕ್ಕಿದ್ದಂತೆ ಕೆಮ್ಮತೊಡಗಿದರೆ, ಉಸಿರಲ್ಲಿ ಸಿಳ್ಳೆಯಂಥ ಸದ್ದು ಬಂದರೆ, ತುಟಿ ನೀಲಿಯಾದರೆ ಅದು ಶ್ವಾಸನಾಳಕ್ಕೆ ಇಳಿದಿರಬಹುದು. ಆಗಲೂ ನೇರ ದೊಡ್ಡ ಆಸ್ಪತ್ರೆಗೆ.

ತೆಗೆದ ಮೇಲೆ ಡಾಕ್ಟರು ಅದೇ ಹೊಳ್ಳೆಯಲ್ಲಿ ಇನ್ನೊಮ್ಮೆ, ಆಮೇಲೆ ಇನ್ನೊಂದು ಹೊಳ್ಳೆಯಲ್ಲಿ, ಎರಡೂ ಕಿವಿಗಳಲ್ಲಿ ನೋಡುತ್ತಾರೆ. ಒಂದು ಮಣಿ ಹಾಕಿಕೊಂಡ ಮಗು ಎರಡನೆಯದನ್ನೂ ಹಾಕಿಕೊಂಡಿರುವುದು ಅಪರೂಪವೇನಲ್ಲ. ಸ್ವಲ್ಪ ರಕ್ತ ಬಂದು ನಿಲ್ಲುತ್ತದೆ. ವಸ್ತು ಹೊರಬಂದರೆ ಕೀವು ತಾನಾಗಿ ಒಣಗುವುದೇ ಹೆಚ್ಚು, ಆ್ಯಂಟಿಬಯೋಟಿಕ್ ಬೇಕಾಗುವುದು ಸೋಂಕು ಹರಡಿದ್ದರೆ ಮಾತ್ರ. ನಾತ ಎರಡು ಮೂರು ದಿನದಲ್ಲಿ ಹೋಗಬೇಕು. ಒಂದು ವಾರವಾದರೂ ಹೋಗದಿದ್ದರೆ ಒಡೆದ ಕಡಲೆಯ ಇನ್ನೊಂದು ಬೇಳೆ ಒಳಗೇ ಇದೆಯೋ ಎಂದು ಮತ್ತೆ ದೀಪ ಹಾಕಿ ನೋಡಿಸಿ.