ಮರದ ತೂಕ ಎಲ್ಲಿಂದ ಬಂತು?

ಫೈವ್ ಇ ಮಾದರಿಯಲ್ಲಿ ಪಾಠ ಯೋಜನೆ ಬರೆಯುವಾಗ ನಾವು ಶಿಕ್ಷಕರು ಎಡವುವುದು ಎರಡನೇ ಮತ್ತು ಮೂರನೇ ಹಂತದ ನಡುವೆ. ತೊಡಗಿಸುವುದು, ಹುಡುಕುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ ಅಂತ ಐದು ಕಾಲಂ ಏನೋ ತುಂಬಿರುತ್ತೇವೆ. ಆದರೆ ಬೋರ್ಡಿನ ಮೇಲೆ ಮೊದಲೇ 'ದ್ಯುತಿಸಂಶ್ಲೇಷಣೆ' ಅಂತ ಬರೆದು ಸಮೀಕರಣ ಕೊಟ್ಟುಬಿಟ್ಟರೆ ಮಕ್ಕಳಿಗೆ ಹುಡುಕುವುದಕ್ಕೆ ಏನು ಉಳಿಯಿತು? ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ.

ಈಗ ನಾನು ಶುರುಮಾಡುವುದು ಒಂದು ಹಳೇ ಲೆಕ್ಕದಿಂದ. ವಾನ್ ಹೆಲ್ಮಾಂಟ್ ಅನ್ನುವವರು ಕುಂಡದಲ್ಲಿ ವಿಲ್ಲೋ ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದರು. ಸುಮಾರು 2 ಕೆಜಿ ಇದ್ದ ಗಿಡ 76 ಕೆಜಿ ದಾಟಿತು. ಮಣ್ಣು ಕಡಿಮೆಯಾದದ್ದು ಬರೀ 57 ಗ್ರಾಂನಷ್ಟು. ಹಾಗಾದರೆ ಉಳಿದ ತೂಕ ಎಲ್ಲಿಂದ ಬಂತು? 'ಗೊಬ್ಬರ ಸಾರ್', 'ನೀರು ಸಾರ್' ಅನ್ನುತ್ತಾರೆ. ಎಲ್ಲ ಉತ್ತರವನ್ನೂ ಬರೆಸುತ್ತೇನೆ, ಯಾವುದನ್ನೂ ತಿದ್ದುವುದಿಲ್ಲ.

ಹುಡುಕುವ ಹಂತಕ್ಕೆ ಪಾಲಕ್ ಸೊಪ್ಪು, ಪೇಪರ್ ಪಂಚ್, ಸೂಜಿ ಇಲ್ಲದ ಸಿರಿಂಜ್ ಸಾಕು. ದಪ್ಪ ನರ ಬಿಟ್ಟು ಹತ್ತು ಬಿಲ್ಲೆ ಕತ್ತರಿಸಬೇಕು. 300 ಮಿಲಿ ನೀರಿಗೆ ಎರಡು ಚಿಟಿಕೆ ಅಡುಗೆ ಸೋಡಾ, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಬಿಲ್ಲೆಗಳನ್ನು ಸಿರಿಂಜಿಗೆ ಹಾಕಿ, ಈ ನೀರನ್ನು ಎಳೆದುಕೊಂಡು, ಗಾಳಿ ಹೊರಗೆ ತಳ್ಳಿ, ತುದಿಗೆ ಬೆರಳಿಟ್ಟು ಹಿಡಿಯನ್ನು ಹಿಂದಕ್ಕೆ ಎಳೆದು ಹತ್ತು ಸೆಕೆಂಡ್ ಹಿಡಿಯಬೇಕು. ಎಲೆಯೊಳಗಿನ ಗಾಳಿ ಹೊರಬರುತ್ತದೆ. ಬಿಟ್ಟ ಕೂಡಲೇ ಆ ಜಾಗಕ್ಕೆ ನೀರು ನುಗ್ಗಿ ಬಿಲ್ಲೆ ಮುಳುಗುತ್ತದೆ. ಮುಳುಗದಿದ್ದರೆ ಇನ್ನೆರಡು ಸಲ ಎಳೆಯಿರಿ. ಸೋಪು ಜಾಸ್ತಿ ಆದರೆ ನೊರೆ ಅಂಟಿಕೊಂಡು ಬಿಲ್ಲೆ ಸುಮ್ನೆ ತೇಲುತ್ತದೆ, ಪ್ರಯೋಗ ಕೆಟ್ಟಿತು ಅಂತಲೇ ಲೆಕ್ಕ. ಮುಳುಗಿದ ಬಿಲ್ಲೆಗಳನ್ನು ಅದೇ ಸೋಡಾ ನೀರಿನ ಜೊತೆ ಒಂದು ಲೋಟಕ್ಕೆ ಹಾಕಬೇಕು. ಇನ್ನೊಂದು ಲೋಟಕ್ಕೂ ಹೀಗೇ ಹತ್ತು ಬಿಲ್ಲೆ, ಆದರೆ ಸೋಡಾ ಬೇಡ, ಬರೀ ನೀರು ಮತ್ತು ಸೋಪು.

ಎರಡನ್ನೂ ಬಿಸಿಲಿಗಿಟ್ಟು ನಿಮಿಷಕ್ಕೊಮ್ಮೆ ತೇಲಿದ ಬಿಲ್ಲೆ ಎಣಿಸುತ್ತಾರೆ. ಐದಾರು ನಿಮಿಷ ಏನೂ ಆಗದೆ ಇದ್ದು, ಆಮೇಲೆ ಸೋಡಾ ಲೋಟದಲ್ಲಿ ಒಂದೊಂದೇ ಮೇಲೇಳುತ್ತವೆ. ಇನ್ನೊಂದರಲ್ಲಿ ಹೆಚ್ಚುಕಡಿಮೆ ತಳದಲ್ಲೇ. ಈ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಶಿಕ್ಷಕರಿಗೆ ಕಷ್ಟ!

ವಿವರಣೆಯಲ್ಲೂ ಮೊದಲ ಮಾತು ಮಕ್ಕಳದ್ದು. 'ಒಳಗೆ ಯಾವುದೋ ಗಾಳಿ ತುಂಬಿರಬೇಕು' ಎಂಬಲ್ಲಿಗೆ ಅವರೇ ಬಂದ ಮೇಲೆ ಅದು ಆಕ್ಸಿಜನ್, ಸೋಡಾ ಕೊಟ್ಟದ್ದು ಇಂಗಾಲದ ಡೈಆಕ್ಸೈಡ್ ಎಂದು ಹೆಸರಿಡುತ್ತೇನೆ. ಸಮೀಕರಣ ಆಗ ಬರುತ್ತದೆ:

6CO₂ + 6H₂O → C₆H₁₂O₆ + 6O₂

ಒಂದು ಮಿತಿಯಿದೆ. ಈ ಪ್ರಯೋಗ ಅನಿಲದ ಸುಳಿವು ಕೊಡುತ್ತದೆಯೇ ಹೊರತು ಸಕ್ಕರೆ ತೋರಿಸುವುದಿಲ್ಲ. ಎಲೆ ಆ ಸಕ್ಕರೆಯನ್ನು ಪಿಷ್ಟವಾಗಿ ಕೂಡಿಡುತ್ತದೆ, ಅದನ್ನು ತೋರಿಸಲು ಅಯೋಡಿನ್ ಪಿಷ್ಟ ಪರೀಕ್ಷೆ ಬೇರೆಯೇ ಮಾಡಬೇಕು.

ವಿಸ್ತರಣೆಗೆ ತೇಲಿದ ಬಿಲ್ಲೆಗಳನ್ನೇ ಕತ್ತಲ ಪೆಟ್ಟಿಗೆಯಲ್ಲಿಡುತ್ತೇವೆ. ನಿಧಾನವಾಗಿ ಮತ್ತೆ ಮುಳುಗುತ್ತವೆ, ಯಾಕೆಂದರೆ ಎಲೆ ಉಸಿರಾಡುತ್ತಾ ಆ ಆಕ್ಸಿಜನ್ನನ್ನು ಬಳಸಿಕೊಳ್ಳುತ್ತದೆ.

ಮೌಲ್ಯಮಾಪನಕ್ಕೆ ಹೊಸ ಪ್ರಶ್ನೆ ಬೇಡ. ಮೊದಲ ದಿನ ಬರೆದ ಹಾಳೆ ವಾಪಸ್ ಕೊಟ್ಟು, ನಿಮ್ಮ ಉತ್ತರ ನೀವೇ ತಿದ್ದಿ ಅನ್ನುತ್ತೇನೆ. ವಾನ್ ಹೆಲ್ಮಾಂಟ್ ಕೂಡ 'ಎಲ್ಲಾ ನೀರಿನಿಂದ' ಅಂತಲೇ ತಿಳಿದಿದ್ದರು. ಅವರು ಬಿಟ್ಟದ್ದೇನು ಅಂತ ಕೇಳಿದಾಗ 'ಗಾಳಿ ಸಾರ್' ಅಂದವರಿಗೆ ಅರ್ಧ ಅಂಕ. ಗಾಳಿಯಲ್ಲಿ ಯಾವುದು, ಬಿಲ್ಲೆಯಲ್ಲಿ ಏನು ನೋಡಿ ಹಾಗಂದೆ ಅನ್ನುವುದಕ್ಕೆ ಇನ್ನರ್ಧ.